ಬೂದು ಗೆರೆ ಹಿಡಿಯದ ಲಾರಿ

ಅಕ್ಕನಿಗೆ ಗುಮಾನಿ ಅಕ್ಕ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ನಾನು ಲಾರಿ ಆಫೀಸಿಗೆ ಸೇರುವ ಹೊತ್ತಿಗೆ ಆ ಹೆಸರು ಹಳತಾಗಿತ್ತು. ಅವರ ಕಿವಿಗೂ ಬಿದ್ದಿತ್ತು. ಬೇಜಾರು ಮಾಡಿಕೊಂಡಿರಲಿಲ್ಲ. “ಇಟ್ಟವನ ಮೇಲೂ ನನಗೊಂದು ಗುಮಾನಿ ಇದೆ, ಟೈರ್ ಹುಡುಗರಲ್ಲೇ ಒಬ್ಬ” ಅಂದಿದ್ದರು.

ಅವರ ಕೆಲಸ ಲಾರಿಗಳನ್ನು ಕಳಿಸುವುದು ಮತ್ತು ಅವು ಎಲ್ಲಿವೆ ಅಂತ ನೋಡಿಕೊಳ್ಳುವುದು. ಗೋದಾಮಿನ ಮೂಲೆಯಲ್ಲಿ ತಗಡಿನ ಗೋಡೆ ಕಟ್ಟಿ ಮಾಡಿದ ರೂಮು, ಎರಡು ಮೇಜು, ಒಂದು ಕಂಪ್ಯೂಟರ್, ಗೋಡೆಗೆ ಹೊಡೆದ ಮೊಳೆಗಳಲ್ಲಿ ಲಾರಿಗಳ ಕೀಲಿಗಳು. ಡ್ರೈವರ್ ಫೋನ್ ಎತ್ತಿ “ಗಾಡಿಯಲ್ಲೇ ಇದೀನಕ್ಕಾ” ಅಂದರೆ ಅಕ್ಕ ನಂಬುತ್ತಿರಲಿಲ್ಲ. “ಇದ್ರೆ ಹಾರ್ನ್ ಹೊಡಿ ನೋಡೋಣ” ಅನ್ನುತ್ತಿದ್ದರು. ಹಾರ್ನ್ ಕೇಳಿಸಿದ ಮೇಲೆಯೇ ಮುಂದಿನ ಮಾತು. ಯಾವ ಲಾರಿಯ ಹಾರ್ನ್ ಯಾವ ದನಿ ಅಂತ ಅವರಿಗೆ ಗೊತ್ತಿತ್ತು. ಒಮ್ಮೆ ಒಬ್ಬ ಹೋಟೆಲಿನಲ್ಲಿ ಕೂತು ಪಕ್ಕದವನ ಗಾಡಿಯ ಹಾರ್ನ್ ಹೊಡೆಸಿ ಸಿಕ್ಕಿಬಿದ್ದಿದ್ದ.

ಮನೆಯಲ್ಲೂ ಹಾಗೇ ಅಂತೆ. ಅವರ ತಂಗಿ ಒಂದು ಸಲ ಊಟದ ಡಬ್ಬಿ ಕೊಡಲು ಬಂದವಳು ನನ್ನ ಹತ್ತಿರ ಹೇಳಿದಳು: “ನನ್ನ ಮದುವೆಗೆ ಮುಂಚೆ ಭಾವಿ ಗಂಡನ ಅಂಗಡಿಗೆ ಮೂರು ಸಲ ಗಿರಾಕಿ ಥರ ಹೋಗಿ ಬಂದಿದ್ಳು ಇವಳು. ತೂಕದಲ್ಲಿ ಮೋಸ ಮಾಡ್ತಾನಾ ಅಂತ ನೋಡೋಕೆ.”

“ಮಾಡ್ತಿದ್ರಾ?” ಅಂದೆ.

“ಮಾಡಿದ್ರೆ ನಾನು ಇಷ್ಟು ದಪ್ಪ ಆಗ್ತಿದ್ನಾ?”

ಅಂಥ ಅಕ್ಕನ ಮುಂದೆ ಕನ್ನಡಿ ಅಣ್ಣನ ವಿಷಯ ಬಂತು.

ಕನ್ನಡಿ ನಮ್ಮ ಡ್ರೈವರ್. ಗಾಡಿ ನಿಂತಲ್ಲೆಲ್ಲ ಇಳಿದು ಎರಡೂ ಕಡೆಯ ಕನ್ನಡಿ ಒರೆಸುವ ಚಾಳಿಯಿಂದ ಆ ಹೆಸರು. ಗಡಿ ದಾಟಿ, ಬೇರೆ ಭಾಷೆಯ ಸೀಮೆಗೆ ಕಿಟಕಿ ಚೌಕಟ್ಟು ಒಯ್ಯುವ ಕೆಲಸ ಅವನದು. ಆ ದಿನ ಮಾಲು ತುಂಬ ತಡವಾಗಿ ತಲುಪಿತ್ತು. ಇಳಿಸಿಕೊಳ್ಳಲು ಕಾದಿದ್ದ ಕೂಲಿಯವರು ಎದ್ದು ಹೋಗಿದ್ದರು. ಗಿರಾಕಿ ನಮ್ಮ ಯಜಮಾನರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಅಂದಿದ್ದ. ನಮ್ಮ ಕಂಪ್ಯೂಟರಿನಲ್ಲಿ ಲಾರಿ ಓಡಿದ ಗೆರೆ ನೋಡಿದರೆ, ಹೆದ್ದಾರಿ ಬಿಟ್ಟು ಎಡಕ್ಕೆ ಇಳಿದು, ಹಳ್ಳಿಗಳ ನಡುವೆ ದೊಡ್ಡ ಸುತ್ತು ಹಾಕಿ, ಒಂದು ಕಡೆ ಸ್ವಲ್ಪ ಹೊತ್ತು ನಿಂತು, ಮತ್ತೆ ಹೆದ್ದಾರಿ ಸೇರಿತ್ತು.

ಯಜಮಾನರು ತಮ್ಮ ಅಳಿಯನನ್ನೂ ಕರೆದುಕೊಂಡು ರೂಮಿಗೆ ಬಂದರು.

“ಬೇರೆಯವರ ಮಾಲು ಹಾಕ್ಕೊಂಡಿದಾನೆ,” ಅಂದರು. “ನಮ್ಮ ಗಾಡಿ, ನಮ್ಮ ಡೀಸೆಲ್, ಅವನ ಬಾಡಿಗೆ. ಹೋದ ವರ್ಷ ಆ ಗಡ್ಡದವನು ಮಾಡಿದ್ದೂ ಇದನ್ನೇ. ವಾಪಸ್ ಬಂದ ಕೂಡಲೇ ಕೀಲಿ ಇಸ್ಕೊಂಡು ಕಳಿಸಿಬಿಡಮ್ಮ.”

ಅಕ್ಕ ಫೋನ್ ತೆಗೆದು ಕನ್ನಡಿಗೆ ಹಚ್ಚಿದರು.

“ಎಲ್ಲಿದೀಯ?”

“ಬೇರೆ ಕೂಲಿ ಹಿಡಿದು ಇಳಿಸಿ ಆಯ್ತಕ್ಕಾ. ಗಾಡಿಯಲ್ಲೇ ಇದೀನಿ.”

“ಹಾರ್ನ್.”

ಹಾರ್ನ್ ಕೇಳಿಸಿತು. ಕನ್ನಡಿಯ ಗಾಡಿಯದೇ.

“ಹೆದ್ದಾರಿ ಯಾಕೆ ಬಿಟ್ಟೆ?”

“ಮೊಬೈಲ್ ಬಿಡು ಅಂತು, ಬಿಟ್ಟೆ. ನನ್ನ ಮೊಬೈಲ್ ಬಿದ್ದು ಪರದೆ ಹೋಯ್ತಕ್ಕಾ. ಗಡಿ ಹತ್ರ ಪಾರ್ಕಿಂಗಲ್ಲಿ ಪರಿಚಯದ ಡ್ರೈವರ್ ಒಬ್ಬ ತನ್ನ ಹಳೇದು ಕೊಟ್ಟ, ನನ್ನ ಸಿಮ್ ಹಾಕ್ಕೊಂಡೆ. ಅದೆಲ್ಲ ಅವರ ಭಾಷೇಲಿದೆ. ನಂಗೆ ಓದೋಕೆ ಬರಲ್ಲ, ಬಾಣ ನೋಡ್ಕೊಂಡು ಹೊಡೆದೆ. ನೀವು ಹೇಳಿದ ಹಾಗೆ ಇಳಿಯೋ ಮುಂಚೆ ಪರದೆ ಚಿತ್ರಾನೂ ತೆಗೆದಿದೀನಿ. ಕಳಿಸೋಕೆ ಸಿಗ್ನಲ್ ಸಿಗಲಿಲ್ಲ.”

ಹೆದ್ದಾರಿ ಬಿಡುವ ಮುಂಚೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ದಾರಿ ತೋರಿಸುವ ಆ್ಯಪಿನ ಪರದೆಯ ಚಿತ್ರ ಕಳಿಸಬೇಕು ಅನ್ನುವುದು ಅಕ್ಕನೇ ಮಾಡಿದ ನಿಯಮ.

“ಈಗ ಕಳಿಸು,” ಅಂದರು. ಬಂತು. ನಾನು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದೆ.

ಅಕ್ಷರವೆಲ್ಲ ಬಳ್ಳಿ ಸುತ್ತಿದ ಹಾಗಿತ್ತು. ನಮ್ಮಲ್ಲಿ ಯಾರಿಗೂ ಒಂದಕ್ಷರ ತಿಳಿಯದು. ಮೇಲೆ ಹಸಿರು ಪಟ್ಟಿಯಲ್ಲಿ ಸಾಲಾಗಿ ನಾಲ್ಕು ಬಾಣ. ಎಡಗಡೆಯ ಎರಡು ಎಡಕ್ಕೆ ಬಾಗಿ ಬೆಳ್ಳಗೆ ಹೊಳೆಯುತ್ತಿದ್ದವು, ಉಳಿದೆರಡು ನೇರವಾಗಿ, ಮಾಸಲಾಗಿ ಇದ್ದವು. ಕೆಳಗೆ ನಕ್ಷೆ. ದಪ್ಪ ನೀಲಿ ಗೆರೆ ಎಡಕ್ಕೆ ಇಳಿದು ಹೋಗಿತ್ತು. ನೇರಕ್ಕೆ ಒಂದು ಬೂದು ಗೆರೆ. ಆ ಬೂದು ಗೆರೆಯ ಮೇಲೆ ನಾಣ್ಯದ ಚಿತ್ರವಿದ್ದ ಒಂದು ಗುಳ್ಳೆ, ಅದರ ಪಕ್ಕದಲ್ಲಿ ಏನೋ ಬರಹ. ಇನ್ನೂ ಮುಂದೆ ಕೆಂಪು ಅಂಚಿನ ಒಂದು ದುಂಡು ಗುರುತು.

ಅಳಿಯ ತನ್ನ ಫೋನಿನ ಕ್ಯಾಮೆರಾ ಹಿಡಿದು ಗುಳ್ಳೆಯ ಬರಹವನ್ನು ಅನುವಾದ ಮಾಡಿಸಿದ. “ನೋಡಿ ಮಾವ, ‘ಐವತ್ತು ನಿಮಿಷ ಬೇಗ’ ಅಂತಿದೆ. ನಾಣ್ಯ ಅಂದ್ರೆ ಟೋಲ್. ಬೇಗ ಹೋಗೋ ದಾರಿ ಕಣ್ಮುಂದೆ ಇದ್ರೂ ಇವನು ಸುತ್ತೋದು ಹಿಡಿದಿದಾನೆ.”

“ಟೋಲ್ ದುಡ್ಡು ಉಳಿಸೋಕಾ?” ಅಂದೆ ನಾನು.

“ಟೋಲ್ ಗಾಜಿನ ಮೇಲಿನ ಸ್ಟಿಕ್ಕರಿಂದಲೇ ಹೋಗತ್ತೆ, ಅವನ ಕೈಗೇನು ಬರತ್ತೆ?” ಅಂದರು ಅಕ್ಕ.

“ದುಡ್ಡಿಗಲ್ಲ,” ಅಂದ ಅಳಿಯ. “ಟೋಲ್ ಗೇಟಲ್ಲಿ ಕ್ಯಾಮೆರಾ ಇರತ್ತೆ, ತೂಕ ಹಾಕ್ತಾರೆ. ಹೆಚ್ಚಿನ ಮಾಲಿದ್ರೆ ಸಿಕ್ಕಿಬೀಳಲ್ವಾ? ಅದಕ್ಕೇ ತಪ್ಪಿಸಿದಾನೆ. ಇಲ್ಲಿ ನೋಡಿ, ವೇಗ ಸೊನ್ನೆ ಅಂತಿದೆ. ಯಾರಿಗೋ ಕಾಯ್ತಾ ನಿಂತಿದಾನೆ.”

“ನಿಂತು ಚಿತ್ರ ತೆಗಿ ಅಂತ ಹೇಳಿದ್ದು ನಾನು. ಓಡಿಸ್ತಾ ತೆಗೆದಿದ್ರೆ ಆಗ ನಾನೇ ಕೆಲಸ ಬಿಡಿಸ್ತಿದ್ದೆ.” ಅಕ್ಕ ಕುರ್ಚಿ ಎಳೆದುಕೊಂಡು ಪರದೆಗೆ ಮೂಗು ತಾಗುವ ಹಾಗೆ ಕೂತರು. “ತಂಗೀ, ಈ ಬಾಣ ಏನು ಹೇಳತ್ತೆ?” ಅಂತ ನನ್ನನ್ನು ಕೇಳಿದರು.

“ಯಾವ ಲೇನಲ್ಲಿರಬೇಕು ಅಂತ ಅಕ್ಕ. ಹೊಳೆಯೋ ಎರಡರಲ್ಲಿ ಯಾವುದಾದ್ರೂ ಒಂದು ಹಿಡೀಬೇಕು. ಮಾಸಲು ಇರೋದು ಹಿಡಿದ್ರೆ ನೀಲಿ ದಾರಿ ತಪ್ಪತ್ತೆ.”

“ಅಂದ್ರೆ ಎಡಕ್ಕೆ ಇಳಿ ಅಂತ ಮೊಬೈಲೇ ಹೇಳಿದೆ.”

ನನಗೆ ಖುಷಿಯಾಯಿತು. ಕನ್ನಡಿ ಅಣ್ಣ ಬಚಾವು ಅಂದುಕೊಂಡೆ. ಆದರೆ ಅಕ್ಕನೇ ಮತ್ತೆ ಕೇಳಿದರು: “ಇವನೇ ಬೇಕಂತ ಎಡಗಡೆ ಗೆರೆ ಮುಟ್ಟಿ ಆರಿಸಿದ್ದಿದ್ರೆ?”

ಸುಳ್ಳು ಹೇಳಲಾಗಲಿಲ್ಲ. “ಮುಟ್ಟಿದ್ದು ನೀಲಿ ಆಗತ್ತೆ ಅಕ್ಕ. ಬಾಣಗಳೂ ಅದರ ಪ್ರಕಾರ ಬದಲಾಗ್ತವೆ. ಯಾರು ಆರಿಸಿದ್ದು ಅಂತ ಈ ಚಿತ್ರದಲ್ಲಿ ಗೊತ್ತಾಗಲ್ಲ.”

“ಮುಗೀತಲ್ಲ,” ಅಂದರು ಯಜಮಾನರು.

“ಆ ಕೆಂಪು ಗುರುತು?”

ದೊಡ್ಡದು ಮಾಡಿದೆ. ಕೆಂಪು ಅಂಚಿನ ಒಳಗೆ ಮೇಲಿನಿಂದ ಒಂದು, ಕೆಳಗಿನಿಂದ ಒಂದು ಕಪ್ಪು ಮೊನೆ, ನಡುವೆ 4.0. ರಸ್ತೆ ಬದಿಯ ಫಲಕದಲ್ಲಿ ಇರುವಂಥದ್ದೇ. ನಾಲ್ಕು ಮೀಟರಿಗಿಂತ ಎತ್ತರದ ಗಾಡಿ ಅಲ್ಲಿ ಹೋಗುವಂತಿಲ್ಲ, ಮುಂದೆ ತಗ್ಗಿನ ಸೇತುವೆ ಇದೆ ಅಂತ ಅರ್ಥ.

ಅಳಿಯ ಜೋರಾಗಿ ನಕ್ಕ. “ನಮ್ಮ ಗಾಡಿ ಎತ್ತರ ಮೂರೂ ಆರು! 3.6 ಮೀಟರ್ ಅಂತ ಕ್ಯಾಬಿನ್ ಬಾಗಿಲ ಮೇಲೇ ಬರೆದಿದೆ. ಸೇತುವೆ ಕೆಳಗೆ ಆರಾಮಾಗಿ ನುಗ್ಗತ್ತೆ. ಈಗೇನಂತೀರಿ? ನೆಪ ಕೂಡ ಉಳೀಲಿಲ್ಲ ಅವನಿಗೆ.”

ಯಜಮಾನರು ಗೋಡೆಯ ಖಾಲಿ ಮೊಳೆಯೊಂದನ್ನು ನೋಡಿದರು, ಕೀಲಿ ಆಗಲೇ ಅಲ್ಲಿಗೆ ಬಂದ ಹಾಗೆ. ನಿಜ ಹೇಳುತ್ತೇನೆ, ಆಗ ನಾನೂ ಕನ್ನಡಿ ಅಣ್ಣನನ್ನು ನಂಬಲಿಲ್ಲ.

ಅಕ್ಕ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಅವರಿಗೆ ಈಗ ಆ ಚಿತ್ರದ ಮೇಲೇ ಗುಮಾನಿ ಬಂದಿತ್ತು.

“ನಮ್ಮದು ಮೂರೂ ಆರು. ಹಾಗಿದ್ರೆ ಈ ಕೆಂಪು ಗುರುತು ಇಷ್ಟು ದೊಡ್ಡದಾಗಿ ಯಾಕೆ ತೋರಿಸ್ತಾ ಇದೆ ಇದು? ನಮ್ಮ ಮೊಬೈಲುಗಳಲ್ಲಿ ನಮಗೆ ತಾಗದ ಸೇತುವೆಗೆಲ್ಲ ಹೀಗೆ ಬರಲ್ಲ, ಅಲ್ವಾ ತಂಗೀ?”

ಬರುವುದಿಲ್ಲ. ಲಾರಿಯವರ ಆ್ಯಪಿನಲ್ಲಿ ಗಾಡಿಯ ಎತ್ತರ, ತೂಕ ಮೊದಲೇ ತುಂಬಿಡುತ್ತಾರೆ. ಆ ಅಳತೆಗೆ ಅಡ್ಡಿಯಾಗುವ ಜಾಗವನ್ನು ಅದು ಗುರುತು ಹಾಕಿ ತೋರಿಸುತ್ತದೆ, ಅದನ್ನು ತಪ್ಪಿಸಿ ಸುತ್ತು ದಾರಿಯಲ್ಲಿ ಒಯ್ಯುತ್ತದೆ.

“ಇದಕ್ಕೆ ನಮ್ಮ ಗಾಡಿ ಎಷ್ಟೆತ್ತರ ಅಂತ ಯಾರು ಹೇಳಿದ್ದು? ಹುಡುಕು.”

ಹುಡುಕಿದೆ. ಕೆಳಗಿನ ಮೂಲೆಯಲ್ಲಿ, ಬ್ಯಾಟರಿ ಗುರುತಿಗಿಂತ ಸ್ವಲ್ಪ ದೊಡ್ಡದಾಗಿ, ಒಂದು ಪುಟ್ಟ ಲಾರಿಯ ಚಿತ್ರ. ನಾವೆಲ್ಲ ಅದನ್ನು ಬರೀ ಅಲಂಕಾರ ಅಂದುಕೊಂಡಿದ್ದೆವು. ಅದರ ಪಕ್ಕ ಮೇಲೆ ಕೆಳಗೆ ಮೊನೆಯಿದ್ದ ಬಾಣ, ಮತ್ತು ಒಂದು ಸಂಖ್ಯೆ. 4.3.

“ಇದು ನಮ್ಮ ಗಾಡಿನೇ ಅಲ್ಲ,” ಅಂದರು ಅಕ್ಕ.

ಮತ್ತೆ ಫೋನ್. ಮತ್ತೆ “ಹಾರ್ನ್.” ಕನ್ನಡಿ ಹೊಡೆದ.

“ನಿಂಗೆ ಮೊಬೈಲ್ ಕೊಟ್ಟವನು ಏನು ಗಾಡಿ ಓಡಿಸ್ತಾನೆ?”

“ಕಾರು ಸಾಗಿಸೋ ಗಾಡಿ ಅಕ್ಕ. ಮೇಲೊಂದು ಸಾಲು, ಕೆಳಗೊಂದು ಸಾಲು ಕಾರು. ತಾಟಕಿ ಥರ ಇದೆ. ಯಾಕೆ?”

“ಯಾಕೆ ಅಂತ ನಾನು ಕೇಳೋದು, ನೀನು ಹೇಳೋದು. ಆ ಪುಟ್ಟ ಲಾರಿ ಚಿತ್ರ ಮುಟ್ಟು. ಏನೇನಿದೆ?”

“ಎರಡು ಮೂರು ಡಬ್ಬಿ ಇದೆ. ಒಂದೊಂದರಲ್ಲೂ ನಂಬರು. ಮೇಲೆ ಕೆಳಗೆ ಬಾಣ ಇರೋದ್ರಲ್ಲಿ ನಾಲ್ಕೂ ಮೂರು.”

“ಅದನ್ನ ಅಳಿಸಿ ಮೂರೂ ಆರು ಹಾಕು. ಬೇರೇನೂ ಮುಟ್ಟಬೇಡ. ಆಮೇಲೆ ವಾಪಸ್ ಬರೋ ದಾರಿ ಹಾಕಿ ಚಿತ್ರ ಕಳಿಸು.”

ಕಾಯುವಾಗ ಅಳಿಯ ಉಗುರು ಕಚ್ಚುತ್ತಿದ್ದ. ಚಿತ್ರ ಬಂತು. ಅದೇ ಬಳ್ಳಿ ಅಕ್ಷರ. ಆದರೆ ಈಗ ನೀಲಿ ಗೆರೆ ಹೆದ್ದಾರಿಯಲ್ಲೇ ನೆಟ್ಟಗೆ ಬಂದಿತ್ತು. ನಾಣ್ಯದ ಗುರುತು ಅದರ ಮೇಲೆಯೇ ಕೂತಿತ್ತು. ಕೆಂಪು ಅಂಚಿನ ಗುರುತು ಎಲ್ಲೂ ಇರಲಿಲ್ಲ.

ಯಜಮಾನರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಡಿಸಿಕೊಂಡು ನೋಡಿದರು. “ಸರಿ. ಆದ್ರೆ ಆ ಹಳ್ಳಿಯಲ್ಲಿ ನಿಂತಿದ್ದು?”

ಅದನ್ನೂ ಅಕ್ಕ ಕೇಳಿದರು.

“ಬೀದಿ ಇಕ್ಕಟ್ಟಕ್ಕಾ. ಎರಡೂ ಕನ್ನಡಿ ಮಡಚಿ, ಇಳಿದು ಜನರನ್ನ ಸರಿಸಿ, ಇಂಚಿಂಚು ಹೊಡೆದೆ. ಆಮೇಲೆ ಬಿಚ್ಚಿ…”

“ಒರೆಸಿದೆ.”

“ಹೂಂ, ಒರೆಸಿದೆ. ಧೂಳು ಕೂತಿತ್ತು.”

ಯಜಮಾನರಿಗೆ ನಗು ಬಂತು, ತಡೆದುಕೊಂಡರು. “ಗಿರಾಕಿಗೆ ನಾನೇ ಹೇಳ್ತೀನಿ. ಅವನ ಕೀಲಿ ಅವನ ಹತ್ರಾನೇ ಇರಲಿ,” ಅಂದು ಅಳಿಯನನ್ನು ಕರೆದುಕೊಂಡು ಹೋದರು.

ಮಾರನೆಯ ದಿನ ಮಧ್ಯಾಹ್ನ ಕನ್ನಡಿ ಗಾಡಿ ಅಂಗಳಕ್ಕೆ ತಂದು ನಿಲ್ಲಿಸಿದ. ಇಳಿದವನ ಮುಖ ಊದಿಕೊಂಡಿತ್ತು. ವಿಷಯವೆಲ್ಲ ಟೈರ್ ಹುಡುಗರಿಂದ ಆಗಲೇ ಗೊತ್ತಾಗಿತ್ತು.

“ನನ್ನ ಮೇಲೂ ಗುಮಾನಿ ಪಟ್ರಾ ಅಕ್ಕಾ?”

“ಪಟ್ಟೆ.” ಅಕ್ಕ ಮುಚ್ಚಿಡಲಿಲ್ಲ. “ಇನ್ನೊಬ್ಬನ ಮೊಬೈಲ್ ನಂಬಿ ಊರೆಲ್ಲ ಸುತ್ತಿದ್ಯಲ್ಲ, ನಿನ್ನ ಮೇಲೆ ಇನ್ನೂ ಪಡಬೇಕಿತ್ತು. ಅವನ ಗಾಡಿ ಗಿಡ್ಡ ಇದ್ದಿದ್ರೆ? ನಮ್ಮ ಗಾಡಿ ತಲೆ ಸೇತುವೆಗೆ ಹೊಡೀತಿರಲಿಲ್ವಾ?”

ಅವನು ಅದನ್ನು ಯೋಚಿಸಿರಲಿಲ್ಲ ಅನ್ನುವುದು ಮುಖದಲ್ಲೇ ಕಂಡಿತು. ನಾನೂ ಯೋಚಿಸಿರಲಿಲ್ಲ.

ಅಕ್ಕ ಮೇಜಿನ ಖಾನೆಯಿಂದ ಉದ್ದ ಟೇಪು ತೆಗೆದು ಅವನ ಕೈಗೆ ಕೊಟ್ಟರು. “ಏಣಿ ಹಾಕಿ ಹತ್ತು. ತುದಿ ಮೇಲೆ ಹಿಡಿ.”

“ಮೂರೂ ಆರು ಅಂತ ಬಾಗಿಲ ಮೇಲೇ ಬರೆದಿದೆಯಲ್ಲಕ್ಕಾ.”

“ಬರೆದವನು ಯಾರು, ನಂಗೇನು ಗೊತ್ತು?”

ಕನ್ನಡಿ ಹತ್ತಿದ. ಅಕ್ಕ ನೆಲದ ಹತ್ತಿರ ಕೂತು ಟೇಪು ಎಳೆದು ಹಿಡಿದು, ಕನ್ನಡಕ ಏರಿಸಿ ನೋಡಿದರು. ಮೂರೂ ಆರೇ ಇತ್ತು. ಆದರೂ ನನ್ನನ್ನು ಕರೆದು ಇನ್ನೊಂದು ಸಲ ನೋಡಿಸಿದರು.