ಬೀಗರೂಟದ ದಿನ ಹೊಂಬಾಳಮ್ಮನ ಹೊಟ್ಟೆ

ಕಿರುಗಾವಲಿನ ಹೊನ್ನಯ್ಯನ ಮನೆಯಲ್ಲಿ ಯಾರಿಗೆ ಆಪರೇಷನ್ ಆದರೂ ಆಸ್ಪತ್ರೆಯಲ್ಲಿ ಜೊತೆಗಿರಲು ಹೋಗುತ್ತಿದ್ದವಳು ಅವನ ತಂಗಿ ಹೊಂಬಾಳಮ್ಮ. ಹೀಗೇ ಆಗಬೇಕೆಂದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಗಂಡ ಸತ್ತ ಮೇಲೆ, ಮಕ್ಕಳೂ ಇಲ್ಲದೆ, ಚಿಕ್ಕ ವಯಸ್ಸಿಗೇ ಅಣ್ಣನ ಮನೆಗೆ ವಾಪಸ್ಸು ಬಂದವಳು ಅವಳು. ಮಿಕ್ಕವರಿಗೆ ಮಕ್ಕಳಿದ್ದರು, ಗದ್ದೆಯಿತ್ತು, ಕಟ್ಟಿದ ಹಸುಗಳಿದ್ದವು. ಹೊಂಬಾಳಮ್ಮ ಬಿಡುವಾಗಿದ್ದಾಳೆ ಎಂದು ಮನೆಯವರೆಲ್ಲ ಅಂದುಕೊಂಡುಬಿಟ್ಟರು. ಆ ಹಸುಗಳ ಹಾಲು ಕರೆಯುತ್ತಿದ್ದವಳೂ ಅವಳೇ ಎಂಬುದು ಯಾರ ತಲೆಗೂ ಹೋಗಲಿಲ್ಲ.

ಹೀಗೆ ಅವಳು ಮಂಡ್ಯ, ಮದ್ದೂರು, ಮಳವಳ್ಳಿಯ ಎಷ್ಟೋ ವಾರ್ಡುಗಳಲ್ಲಿ ಚಾಪೆ ಹಾಸಿ ಮಲಗಿದಳು. ಹೊಟ್ಟೆ ಕುಯ್ದು ಕೈಯಾಡಿಸಿದ ಮೇಲೆ ಕರುಳು ಮುನಿಸಿಕೊಂಡವರ ಹಾಗೆ ಸುಮ್ಮನಾಗುತ್ತದೆ, ಮತ್ತೆ ಕೆಲಸಕ್ಕೆ ಇಳಿಯಿತು ಎನ್ನುವುದಕ್ಕೆ ಗಾಳಿ ಹೋಗುವುದೇ ಗುರುತು ಎಂಬುದನ್ನು ಅಲ್ಲೇ ಕಲಿತಳು. 'ಗಾಳಿ ಓಯ್ತಾ?' ಎಂದು ವಾರ್ಡಿಗೆಲ್ಲ ಕೇಳುವಂತೆ ಕೇಳಲು ಅವಳಿಗೆ ನಾಚಿಕೆಯಿರಲಿಲ್ಲ. ನಾಚಿಕೆಯೆಲ್ಲ ಮಲಗಿದವರಿಗೆ.

ಹೊನ್ನಯ್ಯನ ಅಪೆಂಡಿಕ್ಸ್ ಒಡೆದಾಗಲಂತೂ ಅವನ ಹೊಟ್ಟೆ ಡೋಲಿನ ಹಾಗೆ ಬಿಗಿದುಕೊಂಡಿತ್ತು. ನಡೆಯೆಂದರೆ ಮೀಸೆ ಹೊತ್ತ ಗಂಡಸು ಮಗುವಿನ ಹಾಗೆ ಅತ್ತ. 'ನೋಯ್ತದೆ ಕಣೇ, ಬುಟ್ಬುಡು' ಎಂದು ಕೈ ಮುಗಿದ. ಅವಳು ಬಿಡಲಿಲ್ಲ. ಬಗಲಿಗೆ ಕೈ ಕೊಟ್ಟು, ಗ್ಲೂಕೋಸ್ ಕಂಬ ತಳ್ಳಿಕೊಂಡು ಬೆಳಗ್ಗೆ ಸಂಜೆ ಕಾರಿಡಾರಿನಲ್ಲಿ ಎಳೆದಾಡಿದಳು. ಕೊನೆಗೊಂದು ಮಧ್ಯಾಹ್ನ ಅವನಿಗೆ ಗಾಳಿ ಹೋದಾಗ ಅಕ್ಕಪಕ್ಕದ ಹಾಸಿಗೆಯವರಿಗೆಲ್ಲ ಸಕ್ಕರೆ ಹಂಚಿದಳು. ಮನೆಯಲ್ಲಿ ಇದನ್ನು ಹೇಳಿಕೊಂಡು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ನಗು ನಿಂತದ್ದು ಅವಳ ಸರದಿ ಬಂದಾಗ. ಗರ್ಭಕೋಶದಲ್ಲಿ ಗಡ್ಡೆ ಬೆಳೆದು, ತಿಂಗಳುಗಟ್ಟಲೆ ರಕ್ತ ಹೋಗಿ ಮುಖವೆಲ್ಲ ಬಿಳಚಿಕೊಂಡಿತ್ತು. ತೆಗೆಯಲೇಬೇಕು ಎಂದರು ಮಂಡ್ಯದ ಡಾಕ್ಟರಮ್ಮ. ಅದೇ ಹೊತ್ತಿಗೆ ಹೊನ್ನಯ್ಯನ ಮಗ ಸಂತೋಷನಿಗೆ ಹೊಳಲಿನ ಹುಡುಗಿ ನಿಶ್ಚಯವಾಗಿದ್ದಳು. ಮದುವೆ ಮನೆಯಿಂದ ಯಾರು ತಾನೇ ಹೋಗಿ ಆಸ್ಪತ್ರೆಯಲ್ಲಿ ಕೂತಾರು? ಸಂತೋಷ ಕಾರಿನಲ್ಲಿ ಕರೆದುಕೊಂಡು ಹೋಗಿ ಸೇರಿಸಿದ. ಫ್ಲಾಸ್ಕೊಂದನ್ನು ಪಕ್ಕದಲ್ಲಿಟ್ಟು, 'ಅತ್ತೆ, ನಿಂಗೆ ಆಸ್ಪತ್ರೆ ಒಸದಾ?' ಎಂದು ಹೇಳಿ ಹೊರಟುಹೋದ.

ಅಲ್ಲಿ ಅವಳಿಗೆ ಹೊಸದೇ ಕಾದಿತ್ತು. ಆಪರೇಷನ್ ಆದ ಸಂಜೆಯೇ ಗುಟುಕು ಗುಟುಕು ನೀರು ಕೊಟ್ಟರು. ಮಾರನೆಯ ಬೆಳಗ್ಗೆ ಗಂಜಿ, ಇಡ್ಲಿ. 'ಗಾಳಿನೇ ಓಗಿಲ್ಲ, ಇಡ್ಲಿ ಎಂಗ್ ತಿನ್ನದು?' ಎಂದು ಅವಳು ತಟ್ಟೆ ತಳ್ಳಿದಳು. ಎಷ್ಟು ಜನರಿಗೆ ಇದೇ ಮಾತು ಹೇಳಿ ಬಾಯಿ ಕಟ್ಟಿಸಿದ್ದಳೋ.

'ಆ ಕಾಲ ಹೋಯ್ತಮ್ಮ' ಎಂದರು ಡಾಕ್ಟರಮ್ಮ. 'ವಾಂತಿ ಇಲ್ಲ, ಹೊಟ್ಟೆ ಉಬ್ಬಿಲ್ಲ ಅಂದ್ರೆ ಸ್ವಲ್ಪ ಸ್ವಲ್ಪ ತಿನ್ನಬಹುದು. ತಿಂದು ಓಡಾಡಿದ್ರೇ ಕರುಳು ಬೇಗ ಎಚ್ಚರ ಆಗೋದು.' ಅಗಿಯಲು ಚೂಯಿಂಗ್ ಗಮ್ಮನ್ನೂ ಕೊಡಿಸಿದರು. ಆ ವಯಸ್ಸಿನಲ್ಲಿ ಅದನ್ನು ಜಗಿಯುತ್ತಾ ಕೂತ ತನ್ನನ್ನು ನೆನೆದು ಅವಳಿಗೇ ನಗು ಬಂತು, ಹೊಲಿಗೆ ಜಗ್ಗಿ ಕಣ್ಣಲ್ಲಿ ನೀರೂ ಬಂತು. ನಡೆಸಲು ಬಂದವಳು ನರ್ಸ್ ವನಜಾ. ಗಾಯಕ್ಕೆ ದಿಂಬು ಒತ್ತಿಕೊಂಡು, ಬೇರೆ ಹಾಸಿಗೆಗಳ ಪಕ್ಕ ಕೂತ ಅಕ್ಕ, ತಂಗಿ, ಸೊಸೆಯರನ್ನು ನೋಡುತ್ತಾ ಹೊಂಬಾಳಮ್ಮ ನಡೆದಳು. ಹೊಟ್ಟೆಕಿಚ್ಚು ಎಂದರೆ ಏನೆಂದು ಅವಳಿಗೆ ಆಗ ಗೊತ್ತಾಯಿತು.

ಗಾಳಿ ಬೇಗನೇ ಹೋಯಿತು, ಮನೆಗೆ ಕಳಿಸಿದರು. ಕಳಿಸುವಾಗ ಡಾಕ್ಟರಮ್ಮ ಸಂತೋಷನಿಗೂ ಸೇರಿಸಿ ಹೇಳಿದರು: 'ಹೊಟ್ಟೆ ಉಬ್ಬಿ, ಬಿಟ್ಟು ಬಿಟ್ಟು ಹಿಂಡಿದ ಹಾಗೆ ನೋವು ಬಂದ್ರೆ, ಮತ್ತೆ ಮತ್ತೆ ವಾಂತಿ ಆದ್ರೆ, ಅದರಲ್ಲೂ ಹಸಿರಾಗಿ ಆದ್ರೆ, ಗಾಳಿ ನಿಂತೋದ್ರೆ ಕಾಯಬೇಡಿ, ಬಂದುಬಿಡಿ. ಮನೇಲಿ ಭೇದಿ ಆಗಲಿ ಅಂತ ಮಾತ್ರ ಏನೂ ಕೊಡಬೇಡಿ.' ಸಂತೋಷ ಫೋನು ಕಿವಿಗಿಟ್ಟುಕೊಂಡೇ ತಲೆಯಾಡಿಸಿದ. ಶಾಮಿಯಾನದವನ ಹತ್ತಿರ ಮಾತಾಡುತ್ತಿದ್ದ.

ಮದುವೆ ಮುಗಿಯಿತು, ಹುಡುಗಿಯ ಕಡೆಯವರನ್ನು ಕರೆದು ಮಾಂಸದೂಟ ಹಾಕುವುದು ಉಳಿದಿತ್ತು. ಬೀಗರೂಟದ ಹಿಂದಿನ ರಾತ್ರಿ ಹೊಂಬಾಳಮ್ಮನ ಹೊಟ್ಟೆಯಲ್ಲಿ ಹಿಂಡುವ ನೋವು ಶುರುವಾಯಿತು. ಬಂದಾಗ ಉಸಿರು ಕಟ್ಟಿಸುತ್ತಿತ್ತು, ಹೋದಾಗ ಬೆವರಿಳಿಸುತ್ತಿತ್ತು. ಬೆಳಗ್ಗೆ ಒಂದು ಸಲ ಕಕ್ಕಸು ಆಯಿತು, ಆಮೇಲೆ ಗಾಳಿಯೂ ಇಲ್ಲ. ಹೊಟ್ಟೆ ಬಿಗಿಯಿತು. ಮೊದಲು ತಿಂದದ್ದು ವಾಂತಿಯಾಯಿತು, ಆಮೇಲೆ ಹಸಿರು ನೀರು. ಹಿತ್ತಲಿನಲ್ಲಿ ಬಾಡಿನ ಕೊಪ್ಪರಿಗೆಗಳಿಗೆ ಬೆಂಕಿ ಹಾಕಿದ್ದರು. ಅವಳು ಅತ್ತಿಗೆ ಮಂಗಳಮ್ಮನನ್ನು ಹುಡುಕಿಕೊಂಡು ಹೋಗಿ ಹೇಳಿದಳು.

'ಗ್ಯಾಸು ಕಣವ್ವ' ಎಂದಳು ಮಂಗಳಮ್ಮ, ಕೊತ್ತಂಬರಿ ಸೋಸುತ್ತಲೇ. 'ಬೆಳಗ್ಗೆ ಓಗ್ಬಂದೆ ಅಂದ್ಯಲ್ಲ, ಇನ್ನೇನ್ ಕಟ್ಕತದೆ?'

'ಅದು ಕೆಳಗ್ ಉಳ್ದಿದ್ದು ಬಂತು ಅತ್ತಿಗೆ. ಮ್ಯಾಲೆ ಕಟ್ಕಂಡದೆ. ವಾಂತಿ ಅಸ್ರುಗೆ ಆಯ್ತಾ ಅದೆ.'

ಮಂಗಳಮ್ಮ ಒಳಗೆ ಹೋಗಿ ಲೋಟದಲ್ಲಿ ಹರಳೆಣ್ಣೆ ತಂದಳು. 'ಕುಡ್ದು ಬುಡು, ಎಲ್ಲಾ ಕಿತ್ಕಂಡ್ ಓಯ್ತದೆ.' ದಾರಿ ಮುಚ್ಚಿದ ಕರುಳನ್ನು ಹಿಂದಿನಿಂದ ನೂಕಿದರೆ ಹರಿದೀತು ಎಂದು ಹೊಂಬಾಳಮ್ಮನಿಗೆ ಗೊತ್ತಿತ್ತು. ವಾದ ಮಾಡುವ ಶಕ್ತಿಯಿರಲಿಲ್ಲ. ಬಚ್ಚಲಿಗೆ ಸುರಿದಳು.

ಹೊನ್ನಯ್ಯ ಬಿಳಿ ಪಂಚೆ ಉಟ್ಟು ಶಾಮಿಯಾನದ ಕೆಳಗೆ ನಿಂತಿದ್ದ. 'ಅಣ್ಣ, ಆಸ್ಪತ್ರೆಗೆ ಕರ್ಕಂಡ್ ಓಗು.'

'ಇವತ್ತೇ ಬರ್ಬೇಕಿತ್ತಾ ನಿಂಗೆ? ಕಾರು ಬೀಗ್ರನ್ ಕರ್ಕಂಬರಕೆ ಒಳಲಿಗೆ ಓಗ್ಯದೆ. ಸಂದೆಗೆ ಓಗುಮ, ಇರು.'

'ಸಂದೆಗಂಟ ತಡೆಯಕಿಲ್ಲ ಕಣಣ್ಣ. ಇದು ಗ್ಯಾಸಲ್ಲ.'

'ಆಸ್ಪತ್ರೇಲಿ ಕುಂತೂ ಕುಂತೂ ನೀನೇ ಡಾಕ್ಟ್ರಾಗ್ಬುಟ್ಟೆ ಬುಡು' ಎಂದು ಅವನು ಸುತ್ತಲಿದ್ದವರ ಕಡೆ ನೋಡಿ ನಕ್ಕ. ಆಮೇಲೆ ದನಿ ತಗ್ಗಿಸಿ, 'ಇಂದಿನ್ ರೂಮಲ್ಲಿ ಮಲೀಕೊ. ಬೀಗ್ರ ಮುಂದೆ ವಾಂತಿಗೀಂತಿ ಮಾಡ್ಕಬ್ಯಾಡ' ಎಂದ.

ಹಿಂದಿನ ರೂಮೆಂದರೆ ಹಿಂಡಿ ಬೂಸಾ ಇಡುವ ರೂಮು. ಮೂಟೆಗಳ ನಡುವೆ ಕೂತು ಇನ್ನೊಂದು ಸಲ ಹಸಿರು ಕಕ್ಕಿದಾಗ, ಇವರು ಸಂಜೆಗೆ ಬಂದು ನೋಡುವುದು ತನ್ನ ಹೆಣವನ್ನೇ ಎಂದು ಅವಳಿಗೆ ಖಾತ್ರಿಯಾಯಿತು. ಸಿಟ್ಟು ಬಂತು. ಆ ಸಿಟ್ಟೇ ಅವಳನ್ನು ಎಬ್ಬಿಸಿ ನಿಲ್ಲಿಸಿತು. ಆಸ್ಪತ್ರೆಯ ಚೀಟಿ ಸೊಂಟಕ್ಕೆ ಸಿಕ್ಕಿಸಿ, ವಾಂತಿಗೆಂದು ಒಂದು ಪ್ಲಾಸ್ಟಿಕ್ ಕವರು ಹಿಡಿದು, ಹಿತ್ತಲ ಬಾಗಿಲಿನಿಂದ ಹೊರಟಳು. ಅಡುಗೆಯವರು ನೋಡಿದರು, ಯಾರೂ ಏನೂ ಕೇಳಲಿಲ್ಲ. ನೋವು ಬಂದಾಗ ಯಾರದೋ ಜಗಲಿ ಹಿಡಿದು ನಿಲ್ಲುತ್ತಾ, ಬಿಟ್ಟಾಗ ನಡೆಯುತ್ತಾ ಬಸ್ ಸ್ಟ್ಯಾಂಡು ಮುಟ್ಟಿದಳು. ಅವಳ ಮುಖ ನೋಡಿ ಕಂಡಕ್ಟರ್ ಮುಂದಿನ ಸೀಟು ಬಿಡಿಸಿಕೊಟ್ಟ. 'ಜೊತೇಲಿ ಯಾರೂ ಬರ್ಲಿಲ್ವಾ ಅಮ್ಮ?' ಎಂದ. ಅವಳು ಕವರಿಗೆ ಬಾಯಿಟ್ಟಳು.

ಮಂಡ್ಯದ ತನಕ ಹೋಗುವ ತ್ರಾಣವಿರಲಿಲ್ಲ, ಮಳವಳ್ಳಿಯಲ್ಲೇ ಇಳಿದು ಆಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರು ಚೀಟಿ ಓದಿ, ಹೊಟ್ಟೆ ಮುಟ್ಟಿ ನೋಡಿ, ಎಕ್ಸ್‌ರೇ ತೆಗೆಸಿದರು. ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದ ಕೂಡಲೇ ಹಸಿರು ನೀರು ಚೀಲಕ್ಕೆ ಸುರಿಯಿತು. ವಾಂತಿ ನಿಂತಿತು. ಗ್ಲೂಕೋಸ್ ಹಾಕಿ ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕಳಿಸಿದರು.

'ಒಳಗಿನ ಗಾಯ ಮಾಗುವಾಗ ಕರುಳು ಅಂಟಿಕೊಂಡು ಮಡಚಿಕೊಂಡಿದೆ' ಎಂದರು ಡಾಕ್ಟರಮ್ಮ. 'ನಳಿಕೆ ಹಾಕಿ ಕರುಳಿಗೆ ಬಿಡುವು ಕೊಟ್ರೆ ತಾನೇ ಬಿಡಿಸಿಕೊಳ್ಳಬಹುದು, ಕಾದು ನೋಡೋಣ. ಜ್ವರ ಬಂದ್ರೆ, ನೋವು ಬಿಡದೆ ಹಿಡಕೊಂಡ್ರೆ, ಹೊಟ್ಟೆ ಕಲ್ಲಾದ್ರೆ ಆಗಲೇ ತೆರೀಬೇಕು. ತಾನಾಗಿ ಬಿಡಲಿಲ್ಲ ಅಂದ್ರೂ ತೆರೀಬೇಕು.'

'ಒಂದ್ ಗುಟುಕು ನೀರು?'

'ಅವತ್ತು ದಾರಿ ತೆರೆದಿತ್ತು, ಕೊಟ್ಟೆ. ಇವತ್ತು ಮುಚ್ಚಿದೆ. ಒಂದು ಹನಿಯೂ ಬೇಡ. ಮನೆಯವರೆಲ್ಲಿ?'

ಹೊಂಬಾಳಮ್ಮ ಫೋನ್ ನಂಬರು ಹೇಳಿದಳು. ಆಸ್ಪತ್ರೆಯವರು ಮಾಡಿದಾಗ ಆ ಕಡೆ ಎತ್ತಿದರು, ಆಯ್ತು ಬತ್ತೀವಿ ಎಂದರು, ಬರಲಿಲ್ಲ. ಇನ್ನೊಂದು ಸಲ ಹೊಟ್ಟೆ ತೆರೆಸಿಕೊಳ್ಳುವ ನೋವಿಗಿಂತ, ಕಣ್ಣು ಬಿಟ್ಟಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲವಲ್ಲ ಎಂಬುದೇ ಅವಳಿಗೆ ಹೆಚ್ಚು ಭಯವಾಯಿತು. ದೇವರೇ, ಒಂದು ಸಲ ಗಾಳಿ ಹೋಗಲಿ ಎಂದು ಬೇಡಿಕೊಂಡಳು. ಬೇರೆ ಯಾವ ವರವೂ ಅವಳಿಗೆ ಬೇಕಿರಲಿಲ್ಲ.

ಬೆಳಗ್ಗೆ ವನಜಾ ಎಬ್ಬಿಸಿ ನಡೆಸಿದಳು. ಚೀಲ ಒಂದು ಕೈಯಲ್ಲಿ, ಗ್ಲೂಕೋಸ್ ಕಂಬ ಇನ್ನೊಂದು ಕೈಯಲ್ಲಿ. ಹಿಂಡುವ ನೋವು ಆಗಲೇ ಇಳಿದಿತ್ತು, ಹೊಟ್ಟೆಯ ಬಿಗಿಯೂ ಸಡಿಲವಾಗಿತ್ತು. ಕಿಟಕಿಯ ಹತ್ತಿರ ತಿರುಗಿಕೊಳ್ಳುವಾಗ ಒಳಗೇನೋ ಗುಳುಗುಳು ಎಂದು ಜರುಗಿದ ಹಾಗಾಯಿತು. ಅವಳು ನಿಂತಳು. ಗಾಳಿ ಹೋಯಿತು, ಕಾರಿಡಾರಿಗೆಲ್ಲ ಕೇಳುವಂತೆ. ವನಜಾ 'ಸದ್ಯ!' ಎಂದು ಅವಳ ಭುಜ ಹಿಡಿದುಕೊಂಡಳು. ಯಾರೋ ನಕ್ಕರು. ಹೊಂಬಾಳಮ್ಮ ಅಲ್ಲೇ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು.

ಹೊನ್ನಯ್ಯ ಬಂದದ್ದು ಆಮೇಲೆ. ಕೈಯಲ್ಲೊಂದು ಟಿಫನ್ ಕ್ಯಾರಿಯರ್. ಮೂಗಿನ ನಳಿಕೆ ನೋಡಿ ಕಣ್ಣು ತಪ್ಪಿಸಿ, ಸ್ಟೂಲೆಳೆದು ಕೂತ.

'ನಿನ್ನೆ ಊಟ ಬಾಳ ಚೆನ್ನಾಗಾಯ್ತು. ಬಾಡು ಉಳ್ದಿತ್ತು, ತಂದಿವ್ನಿ.'

'ನಂಗೆ ನೀರೂ ಕೊಡಂಗಿಲ್ಲ ಅಣ್ಣ.'

'ಅಂಗಾ?' ಕ್ಯಾರಿಯರನ್ನು ಮಂಚದ ಕೆಳಗೆ ಸರಿಸಿದ. 'ಯೋಳ್ದೆ ಕೇಳ್ದೆ ಒಂಟೋಗದಾ? ಸಂದೆಗೆ ಕರ್ಕಂಡ್ ಓಯ್ತಿರ್ಲಿಲ್ವಾ?'

ಅವಳು ಮಂಚದ ಕೆಳಗಿನ ಕ್ಯಾರಿಯರ್ ಕಡೆ ನೋಡಿದಳು. 'ಬೀಗ್ರು ನನ್ನ ಕೇಳ್ಲಿಲ್ವಾ?' ಎಂದಳು.

'ಕೇಳುದ್ರು. ಬೀಗ್ತಿ ಎರಡ್ ಸಲ ಕೇಳುದ್ರು. ಅವ್ಳು ಊರ್ಗೆ ಓಗವಳೆ ಅಂದೊ.'

ಗಂಡನ ಊರಿನಲ್ಲಿ ಅವಳಿಗೆ ಒಂದು ಗುಡಿಸಲೂ ಉಳಿದಿರಲಿಲ್ಲ. ಕಿರುಗಾವಲು ಬಿಟ್ಟರೆ ಅವಳು ಮಲಗಿದ್ದ ಜಾಗಗಳೆಂದರೆ ಈ ವಾರ್ಡುಗಳೇ, ಅದೂ ಇವರ ಮಂಚಗಳ ಪಕ್ಕದಲ್ಲಿ. ಅದು ಹೊನ್ನಯ್ಯನಿಗೂ ಗೊತ್ತಿತ್ತು.

'ಯಾವೂರ್ಗೆ ಅಂದ್ರಿ?' ಎಂದಳು ಹೊಂಬಾಳಮ್ಮ.

ಹೊನ್ನಯ್ಯ ಪಂಚೆಯ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತ.

'ಯೋಳಣ್ಣ. ಯಾವೂರ್ಗೆ ಅಂದ್ರಿ?'