ಇಲ್ಲಟ ಎಂಬ ಪದವನ್ನು ನಾನು ತಿದ್ದಿದ್ದು

ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲನೆಯವನು ನಾನು. ಇದನ್ನು ಇವತ್ತಿಗೂ ಹೆಮ್ಮೆಯಿಂದಲೇ ಹೇಳುತ್ತೇನೆ. ಯಾರೂ ನನಗೆ ಅದನ್ನು ತಟ್ಟೆಯಲ್ಲಿಟ್ಟು ಕೊಡಲಿಲ್ಲ. ನಮ್ಮೂರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಮಗ್ಗುಲಲ್ಲಿದೆ. ಆಂಧ್ರದ ಗಡಿ ಅಲ್ಲಿಂದ ದೂರವೇನಲ್ಲ. ಅಪ್ಪ ಕುರಿ ಮಾರಿ, ಕಡಲೇಕಾಯಿ ಮಾರಿ ನನ್ನನ್ನು ಚಿತ್ರದುರ್ಗದ ಕಾಲೇಜಿಗೆ ಹಾಕಿದ.

ನಮ್ಮ ಮನೆ ಮಾತು ಕನ್ನಡವೇ. ಆದರೆ ಅದರ ತುಂಬ ತೆಲುಗು. ಓದಿಗೆ ಸದುವು ಅನ್ನುತ್ತಿದ್ದೆವು, ಕಾಗದಕ್ಕೆ ಉತ್ತರ ಅನ್ನುತ್ತಿದ್ದೆವು. ಹಾಸ್ಟೆಲಿಗೆ ಹೋದ ಮೊದಲ ವಾರದಲ್ಲಿ "ಊರಿಂದ ಉತ್ತರ ಬಂದೈತೆ" ಅಂದೆ. ಹೊಸದುರ್ಗದ ಹುಡುಗನೊಬ್ಬ, "ಪ್ರಶ್ನೆ ಏನ್ ಕಳಿಸಿದ್ದೆ ಲೇ?" ಅಂದ. ಕೋಣೆಯೆಲ್ಲ ನಕ್ಕಿತು. ಆವತ್ತೇ ಒಂದು ನೋಟ್‌ಬುಕ್ ತಂದು ನಡುವೆ ಗೆರೆ ಎಳೆದೆ. ಎಡಕ್ಕೆ ನಮ್ಮ ಮನೆಯ ತೆಲುಗು ಪದ, ಬಲಕ್ಕೆ ಸರಿಯಾದ ಕನ್ನಡ ಪದ. ಸದುವು, ಓದು. ಉತ್ತರ, ಕಾಗದ. ಮೂರು ವರ್ಷದಲ್ಲಿ ಆ ಪುಸ್ತಕ ತುಂಬಿತು. ನನ್ನ ಬಾಯಿ ಚೊಕ್ಕವಾಯಿತು.

ಪರೀಕ್ಷೆ ಪಾಸಾಗಿ ಊರಿಗೆ ಬಂದಾಗ ಅಪ್ಪ ಕಣದಲ್ಲಿದ್ದ.

"ಸದುವು ಮುಗೀತೇನಪ್ಪ?"

"ಸದುವು ಅನ್ನಬಾರದಪ್ಪ. ಓದು ಅನ್ನಬೇಕು."

"ಆಗಲಿ ಬಿಡು. ನೀನು ಓದು ಓದಿದೀಯ, ನಾನು ಸದುವು ಓದಿಸಿದೀನಿ" ಅಂತ ನಕ್ಕ. ಅಪ್ಪನಿಗೆ ಓದು ಬರೆಹ ಬರುತ್ತಿರಲಿಲ್ಲ.

ಅಪ್ಪ ಆ ಊರಿನವನಲ್ಲ. ಗಡಿಯಾಚೆ ಮಡಕಶಿರಾ ಕಡೆಯಿಂದ ಬಂದವನು. ಅಮ್ಮನ ಅಪ್ಪ, ಅಂದರೆ ನನ್ನ ತಾತನಿಗೆ ಗಂಡು ಮಕ್ಕಳಿರಲಿಲ್ಲ. ಒಬ್ಬಳೇ ಮಗಳು. ಹಾಗಿದ್ದಾಗ ನಮ್ಮವರಲ್ಲಿ ಒಬ್ಬ ಹುಡುಗನನ್ನು ಇಲ್ಲಟಕ್ಕೆ ತರುತ್ತಾರೆ. ಊರ ಹಿರಿಯರನ್ನು ಕೂರಿಸಿ, ಎಲೆ ಅಡಿಕೆ ಕೊಟ್ಟು, "ಇವತ್ತಿಂದ ಇವನು ಈ ಮನೆ ಮಗ. ದುಡಿಮೆ ಇವನದು, ಮಗನ ಪಾಲೂ ಇವನದು" ಅಂತ ಮಾತಾಗುತ್ತದೆ. ಹಂಗೆ ಬಂದವನೇ ಇಲ್ಲಟದ ಅಳಿಯ. ಮುಂದೆ ಮಾವನಿಗೊಬ್ಬ ಮಗ ಹುಟ್ಟಿದರೂ ಆ ಮಾತು ಬೀಳುವುದಿಲ್ಲ. ಅಪ್ಪ ಹಾಗೆ ಬಂದ. ತಾತ ಸತ್ತಾಗ ಮೊದಲ ಮಣ್ಣು ಹಾಕಿದವನು ಅಪ್ಪನೇ. ಹೊಲದಲ್ಲಿ ಹೊಂಗೆ ಮರದ ಕೆಳಗೆ ತಾತನ ಸಮಾಧಿ. ಅದರ ಪಕ್ಕ ಒಂದಾಳು ಉದ್ದದ ಜಾಗವನ್ನು ಅಪ್ಪ ಉಳುತ್ತಿರಲಿಲ್ಲ. "ಇದು ನಂದು" ಅನ್ನುತ್ತಿದ್ದ.

ಈ ಏರ್ಪಾಟು ಒಬ್ಬನಿಗೆ ಮಾತ್ರ ಸೇರಲಿಲ್ಲ. ತಾತನ ತಮ್ಮನ ಮಗ, ನನಗೆ ವರಸೆಯಲ್ಲಿ ಮಾವ. ಇಲ್ಲಟಕ್ಕೆ ಯಾರೂ ಬರದಿದ್ದರೆ ಹೊಲ ತನ್ನ ಕಡೆಗೆ ಬರುತ್ತಿತ್ತು ಅನ್ನುವ ಲೆಕ್ಕ ಅವನದು. ಅವನೊಬ್ಬನೇ ಬೆನ್ನ ಹಿಂದೆ "ಮನೆ ಅಳಿಯ" ಅನ್ನುತ್ತಿದ್ದ. ಅತ್ತೆ ಮನೆ ಅನ್ನಕ್ಕೆ ಬಿದ್ದಿರುವವನು ಅಂತ. ಇದಿರಿಗೆ ಅನ್ನುವ ಧೈರ್ಯ ಅವನಿಗೂ ಇರಲಿಲ್ಲ.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ಹೊಸದು. ನಾನು ಹೊಸದುರ್ಗದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಚಿತ್ರದುರ್ಗದಲ್ಲಿ ಕನ್ನಡದ ಅಧ್ಯಾಪಕರೊಬ್ಬರು ಸಣ್ಣದೊಂದು ಮಾಸಪತ್ರಿಕೆ ನಡೆಸುತ್ತಿದ್ದರು. ನಾನು ಅದಕ್ಕೆ ಅಪ್ಪನ ಮೇಲೆ ಒಂದು ಲೇಖನ ಬರೆದೆ. ಅವನು ಬಂಡೆ ಒಡೆದು ಹೊಲ ಮಾಡಿದ್ದು, ಒಂಟೆತ್ತಿಗೆ ತಾನೇ ಹೆಗಲು ಕೊಟ್ಟಿದ್ದು, ಎಲ್ಲ ಬರೆದೆ. ಅಧ್ಯಾಪಕರು ಓದಿ ತಲೆದೂಗಿದರು. ಇಲ್ಲಟ ಅನ್ನುವಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿದ್ದರು.

"ಇದೇನ್ರಿ ಇದು? ಹೊಳಲ್ಕೆರೆಯೋರಿಗೆ ತಿಳಿಯಲ್ಲ, ದಾವಣಗೆರೆಯೋರಿಗೆ ತಿಳಿಯಲ್ಲ. ಕನ್ನಡದಾಗೆ ಪದ ಇಲ್ಲೇನು?"

"ಐತೆ ಸಾರ್" ಅಂದೆ. ನನ್ನ ನೋಟ್‌ಬುಕ್ಕಿನ ಬಲಗಡೆಯಲ್ಲಿ ಇತ್ತು. ಆರು ಕಡೆ ಹೊಡೆದು ಆರು ಕಡೆಯೂ 'ಮನೆ ಅಳಿಯ' ಅಂತ ನಾನೇ ಬರೆದೆ. ಅವರಿಗೆ ಇಲ್ಲಟ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಎರಡು ಗೆರೆ ವಿವರಣೆ ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ಎಡಗಡೆಯ ಪದ ತೆಗೆದು ಬಲಗಡೆಯದು ಇಡುವುದು ನನಗೆ ಅಷ್ಟು ರೂಢಿಯಾಗಿತ್ತು.

ಪತ್ರಿಕೆ ಬಂತು. ಎರಡು ಪ್ರತಿ ಹಿಡಿದು ಊರಿಗೆ ಓಡಿದೆ. ಜಗಲಿಯ ಮೇಲೆ ಅಪ್ಪ, ಅಮ್ಮ, ಅಕ್ಕಪಕ್ಕದ ನಾಲ್ಕು ಜನ. ನಾನು ಓದತೊಡಗಿದೆ. ಆ ಜಾಗ ಬಂದಾಗ ಅಚ್ಚಿನಲ್ಲಿ 'ಮನೆ ಅಳಿಯ' ಅಂತಿತ್ತು. ಎದುರಿಗೆ ಅಪ್ಪ ಕೂತಿದ್ದ. ನನ್ನ ಬಾಯಿಗೆ ಅದು ಬರಲಿಲ್ಲ. "ಇಲ್ಲಟದ ಅಳಿಯನಾಗಿ ಬಂದ ನಮ್ಮಪ್ಪ" ಅಂತ ಓದಿದೆ. ಮುಂದಿನ ಐದು ಕಡೆಯೂ ಹಾಗೇ ಓದಿದೆ.

ಅಲ್ಲೇ ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ಸುಮ್ಮನಾದೆ.

ಅಪ್ಪ ಪತ್ರಿಕೆಯನ್ನು ಇಸಕೊಂಡು ಹಾಳೆಯ ಮೇಲೆ ಅಂಗೈ ಸವರಿದ. "ಇದ್ರಾಗೆ ಇಲ್ಲಟ ಅಂತ ಬರೆದೈತಾ?"

"ಹೂಂ."

"ಸರ್ಕಾರದ ಅಚ್ಚಿನಾಗೆ?"

"ಸರ್ಕಾರದ್ದಲ್ಲಪ್ಪ, ಪತ್ರಿಕೆ."

"ಯಾವ್ದೋ ಒಂದು. ಅಚ್ಚಾತಲ್ಲ" ಅಂದ. ಒಂದು ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ. ಇನ್ನೊಂದನ್ನು ನನಗೆ ಹೇಳದೆ ಹೊಳಲ್ಕೆರೆಗೆ ಕಳಿಸಿದ. ಆಗ ನನ್ನ ತಂಗಿಗೆ ಆ ಕಡೆ ಸಂಬಂಧ ಕುದುರುತ್ತಿತ್ತು. ನಡುವೆ ಓಡಾಡುತ್ತಿದ್ದವರ ಕೈಗೆ ಕೊಟ್ಟು, "ನಾವು ಎಂಥೋರು ಅಂತ ನಮ್ಮ ಹುಡುಗ ಬರೆದಾನೆ, ಬೀಗರಿಗೆ ತೋರ್ಸ್ರಿ" ಅಂದಿದ್ದನಂತೆ.

ಒಪ್ಪಿಗೆಯ ಶಾಸ್ತ್ರಕ್ಕೆ ಗಂಡಿನ ಕಡೆಯಿಂದ ಹತ್ತು ಜನ ಬಂದರು. ಹುಡುಗನ ದೊಡ್ಡಪ್ಪ ನಿವೃತ್ತ ಮೇಷ್ಟ್ರು, ಬಲು ಮರ್ಯಾದಸ್ತರು. "ಬರ್ರಿ, ಕುಂತ್ಕಳ್ರಿ" ಅಂತ ಅಪ್ಪ ಕಂಬಳಿ ಹಾಸಿದ. ಎಲ್ಲ ಮಾತೂ ಮುಗಿದು ಎಲೆ ಅಡಿಕೆ ತಟ್ಟೆ ಬದಲಾಯಿಸುವ ಹೊತ್ತು. ಅಪ್ಪ ಹೊಸ ಟವೆಲ್ಲು ಹೆಗಲಿಗೆ ಹಾಕಿ, ತಟ್ಟೆ ಎರಡು ಕೈಯಲ್ಲಿ ಹಿಡಿದು ಎದ್ದ. ದೊಡ್ಡಪ್ಪ ಎದ್ದವರು ಅತ್ತಿತ್ತ ನೋಡಿದರು.

"ತಪ್ಪು ತಿಳೀಬೇಡ್ರಿ ಬೀಗರೆ. ನಿಮ್ಮ ಮಗ ಬರೆದಿದ್ದನ್ನ ಎರಡು ಸಲ ಓದಿದೀನಿ. ತುಂಬ ಚೆಂದ ಬರೆದಾರೆ. ನೀವು ಮನೆ ಅಳಿಯಂದ್ರು ಅಂತ ಓದಿದೆ. ತಟ್ಟೆ ಮನೆ ಯಜಮಾನ್ರ ಕೈಯಾಗೆ ಬಂದ್ರೆ ಚೆಂದ ಅಲ್ವಾ? ಹಿರೀರು ಯಾರು?"

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ಅವರು ನಾನು ಬರೆದದ್ದನ್ನು ಓದಿದ್ದರು, ಹೊಳಲ್ಕೆರೆಯಲ್ಲಿ ಆ ಮಾತಿಗೆ ಏನು ಅರ್ಥವೋ ಅದನ್ನೇ ತಿಳಿದಿದ್ದರು.

ಅಪ್ಪ ನನ್ನ ಮುಖ ನೋಡಿದ. ನಾನು ಎದ್ದು, "ಹಂಗಲ್ಲ ಸಾರ್, ಅದು ಇಲ್ಲಟ ಅಂತ, ಅದಕ್ಕೆ ಪಾಲಿರ್ತೈತೆ" ಅಂತ ಶುರು ಮಾಡಿದೆ. ಗೋಡೆ ಪಕ್ಕ ಕೂತಿದ್ದ ಮಾವ ಗಂಟಲು ಸರಿಮಾಡಿಕೊಂಡ.

"ಯಾಕಪ್ಪ ಈಗ ತಿರುಗ್ತೀಯ? ಬಿ.ಎ. ಮಾಡಿದೋನು, ನೀನೇ ಬರೆದಿದ್ದಲ್ವಾ? ಆರು ಸಲ ಬರೆದೀಯಂತೆ."

ದೊಡ್ಡಪ್ಪನವರಿಗೆ ಗಲಿಬಿಲಿಯಾಯಿತು. "ಪಾಲಿನ ಮಾತು ನಾವು ಎತ್ತಲಿಲ್ಲಪ್ಪ" ಅಂದರು. ನಾನು ಬಿಡಿಸಿ ಹೇಳಿದಷ್ಟೂ ಆಸ್ತಿಗೆ ಬಾಯಿ ಬಿಟ್ಟ ಹಾಗೆ ಕೇಳಿಸುತ್ತಿತ್ತು. ಒಳಗೆ ತಂಗಿ ಸೀರೆ ಉಟ್ಟು ಕಾದಿದ್ದಳು.

"ಬಿಡಪ್ಪ" ಅಂದ ಅಪ್ಪ. "ಅಚ್ಚಾಗಿರೋದು." ತಟ್ಟೆಯನ್ನು ಮಾವನ ಮುಂದೆ ಇಟ್ಟ. ಹೆಗಲ ಮೇಲಿನ ಟವೆಲ್ಲು ತೆಗೆದು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ. ನನ್ನ ತಂಗಿಯ ತಟ್ಟೆಯನ್ನು ಮಾವ ಬದಲಾಯಿಸಿದ. ಅಪ್ಪ ಬಾಗಿಲ ಹತ್ತಿರ ನಿಂತು ಬಂದವರ ಚಪ್ಪಲಿ ಮೆಟ್ಟುತ್ತಿದ್ದ ಕೋಳಿಗಳನ್ನು ಓಡಿಸುತ್ತಿದ್ದ.

ಅವರೆಲ್ಲ ಹೋದ ಮೇಲೆ ನನ್ನನ್ನು ಕೇಳಿದ್ದು ಒಂದೇ ಮಾತು. "ಅವತ್ತು ಜಗಲಿ ಮೇಲೆ ಓದಿದ್ಯಲ್ಲ, ಅದ್ಯಾವುದನ್ನ ಓದಿದ್ದು?"



ನಾನು ಚಿತ್ರದುರ್ಗಕ್ಕೆ ಹೋಗಿ ಅಧ್ಯಾಪಕರ ಮುಂದೆ ಅತ್ತೆ. ಅವರು ಒಳ್ಳೆಯವರು. ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ ತಿದ್ದುಪಡಿ ಹಾಕಿದರು. ಕಳೆದ ಸಂಚಿಕೆಯ ಲೇಖನದಲ್ಲಿ ಮನೆ ಅಳಿಯ ಎಂದಿರುವ ಕಡೆಯೆಲ್ಲ ಇಲ್ಲಟದ ಅಳಿಯ ಎಂದು ಓದಿಕೊಳ್ಳಬೇಕು, ಹೀಗೆ ಬಂದವನು ಮಾವನ ಮನೆಗೆ ಮಗನಿದ್ದಂತೆ ಅಂತ. ಅದನ್ನು ಅಪ್ಪನಿಗೆ ತೋರಿಸಿದೆ. ಈ ಸಲ ಇದ್ದದ್ದು ಇದ್ದ ಹಾಗೇ ಓದಿದೆ. ಅವನು ಹಾಳೆ ಮುಟ್ಟಲಿಲ್ಲ.

"ನಂಗ್ಯಾಕೆ ಓದ್ತೀಯ? ನಂಗೆ ಗೊತ್ತಿಲ್ವಾ?" ಅಂದ.

ಹೊಳಲ್ಕೆರೆಗೂ ಕಳಿಸಿದೆ. ದೊಡ್ಡಪ್ಪನವರು ಬಹಳ ನೊಂದು ಕಾಗದ ಬರೆದರು. ಆದರೆ ಊರಿನಲ್ಲಿ ಮಾವ ತಟ್ಟೆ ಹಿಡಿದದ್ದನ್ನು ಎಲ್ಲರೂ ನೋಡಿದ್ದರು. ತಿದ್ದುಪಡಿಯನ್ನು ಯಾರೂ ನೋಡಲಿಲ್ಲ. ಬೆನ್ನ ಹಿಂದಿನ ಮಾತು ಎದುರಿಗೇ ಬಂತು. ಅಪ್ಪ ದುಡಿಯುವುದನ್ನು ಬಿಡಲಿಲ್ಲ, ಜಗಲಿಯ ಮೇಲೆ ಕೂರುವುದನ್ನು ಬಿಟ್ಟ. ನ್ಯಾಯ ಪಂಚಾಯ್ತಿಗೆ ಕರೆದರೆ "ಮನೆಯೋರನ್ನ ಕರೀರಿ" ಅನ್ನುತ್ತಿದ್ದ. ಎರಡು ವರ್ಷ ಕಳೆಯಿತು. ಆ ಎರಡನೇ ಬೇಸಿಗೆಯಲ್ಲಿ ಹೊಂಗೆ ಮರದ ಕೆಳಗೆ ಬಿಟ್ಟಿದ್ದ ಆ ಜಾಗವನ್ನೂ ಉತ್ತು ಹುರುಳಿ ಚೆಲ್ಲಿದ. ಅಮ್ಮ ಅದನ್ನು ನೋಡಿ ಹೊಲದಲ್ಲೇ ಕೂತುಬಿಟ್ಟಳಂತೆ.

ಆಮೇಲೆ ಮಲಗಿದವನು ಏಳಲಿಲ್ಲ. ನಾನು ರಜೆ ಹಾಕಿ ಪಕ್ಕದಲ್ಲಿದ್ದೆ. ಒಂದು ಮಧ್ಯಾಹ್ನ ಹೇಳಿದ. "ನಾನು ಸತ್ತರೆ ಮಡಕಶಿರಾ ಕಡೆ ನಮ್ಮಣ್ಣನ ಹೊಲಕ್ಕೆ ಹಾಕ್ರಿ."

"ತಾತನ ಪಕ್ಕ ಜಾಗ ಐತಲ್ಲಪ್ಪ."

"ಅದು ಮನೆಯೋರ ಜಾಗ."

"ಅಪ್ಪಾ, ನಾನು ತಪ್ಪು ಬರೆದೆ."

ನನ್ನ ತಲೆ ಸವರಿದ. "ನೀನು ಸದುವುಕೊಂಡೋನು" ಅಂದ. ಸಿಟ್ಟಿನಿಂದ ಅಂದದ್ದಲ್ಲ. ಅದಕ್ಕೇ ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಗಾಡಿಯಲ್ಲಿ ಮಲಗಿಸಿಕೊಂಡು ಗಡಿ ದಾಟಿದೆವು. ಅಮ್ಮ ಗಾಡಿಯ ಹಿಂದೆ ನಡೆದೇ ಬಂದಳು, ಹತ್ತು ಅಂದರೂ ಹತ್ತಲಿಲ್ಲ. ಮಡಕಶಿರಾ ಕಡೆಯ ಆ ಹಳ್ಳಿಯಲ್ಲಿ ಬದುವಿನ ಮೇಲೆ ಗುಂಡಿ ತೋಡಿದ್ದರು. ಅಪ್ಪನ ಅಣ್ಣ, ಹಣ್ಣು ಹಣ್ಣು ಮುದುಕ, ಕೋಲು ಊರಿಕೊಂಡು ಬಂದು ಮುಖ ನೋಡಿದ. ಸುತ್ತ ನಿಂತವರಿಗೆ ತೆಲುಗಿನಲ್ಲಿ, "ಇಲ್ಲಟಂ ಪೋಯಿನೋಡು ತಿರಿಗೊಚ್ಚಿನಾಡು" ಅಂದ. ಇಲ್ಲಟಕ್ಕೆ ಹೋದವನು ತಿರುಗಿ ಬಂದಿದ್ದಾನೆ ಅಂತ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ.

"ಇಲ್ಲಟಕ್ಕೆ ಹೋದೋನು ಆ ಮನೆ ಮಗ ಅಲ್ವೇನಪ್ಪ? ಅಲ್ಲಿ ಮಣ್ಣು ಯಾಕೆ ಕೊಡಲಿಲ್ಲ?"

ಅಲ್ಲಿ ಯಾರಿಗೂ ಆ ಪದವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಬಗ್ಗಿ ಮೊದಲ ಹಿಡಿ ಮಣ್ಣು ಹಾಕಿದೆ.