ಅಡಿಗೆಮನೆ ಅಟ್ಟಕ್ಕೊಂದು ಸಾಲು

ದಿಲ್ಲಿಯಿಂದ ಲಕೋಟೆ ಬಂದಾಗ ನಾನು ಪ್ರಯೋಗಶಾಲೆಯ ತೊಟ್ಟಿಯಲ್ಲಿ ಗಾಜಿನ ಬಟ್ಟಲು ತೊಳೆಯುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ತಿಪಟೂರಿನ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ನಾನು ತಾತ್ಕಾಲಿಕ ಸಹಾಯಕಿ. ಮಾರ್ಚಿಗೆ ಆ ಕೆಲಸ ಮುಗಿಯುವುದಿತ್ತು. ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ, ಬಾಡಿಗೆ ನನ್ನ ಸಂಬಳದಿಂದಲೇ ಹೋಗಬೇಕು.

ನಮ್ಮ ಮೇಷ್ಟ್ರು, ಅಂದರೆ ಸಸ್ಯಶಾಸ್ತ್ರದ ಅಧ್ಯಾಪಕರು, ಒಂದು ಸಂಶೋಧನೆಗೆ ಅನುದಾನ ಕೇಳಿ ದಿಲ್ಲಿಯ ಅನುದಾನ ಸಮಿತಿಗೆ ಅರ್ಜಿ ಹಾಕಿದ್ದರು. ವಿಷಯ ನಮ್ಮ ಸೀಮೆಯದೇ. ಇಲ್ಲಿ ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ, ಹತ್ತು ಹನ್ನೆರಡು ತಿಂಗಳು ಬಿಟ್ಟು, ಒಳಗೇ ಒಣಗಿದ ಉಂಡೆ ಕೊಬ್ಬರಿ ತೆಗೆಯುತ್ತಾರೆ. ಹಳೇ ಮನೆಗಳಲ್ಲಿ ಅಟ್ಟ ಅಡಿಗೆಮನೆಯ ಮೇಲೇ ಇರುತ್ತದೆ. ಹೊಸದಾಗಿ ಕೆಲವರು ತೋಟದ ಕೊಟ್ಟಿಗೆಯಲ್ಲೂ ಅಟ್ಟ ಕಟ್ಟಿಸುತ್ತಿದ್ದರು. ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಕಾಯಿ ಕಡಿಮೆ ಕೊಳೆಯುತ್ತದೆಯೇ, ಬೂಷ್ಟು ಕಡಿಮೆ ಹಿಡಿಯುತ್ತದೆಯೇ, ಇಷ್ಟೇ ಅವರ ಪ್ರಶ್ನೆ. ಯೋಜನೆ ಮಂಜೂರಾದರೆ ಅದರಲ್ಲಿ ಒಬ್ಬ ಸಹಾಯಕರ ಹುದ್ದೆ ಇತ್ತು. ಅದು ನನಗೆ ಎಂದು ಮೇಷ್ಟ್ರು ಹೇಳಿದ್ದರು. ಅಮ್ಮನಿಗೆ ಅದು ಆಗಲೇ ಸಿಕ್ಕಿದಷ್ಟೇ ಸತ್ಯವಾಗಿಬಿಟ್ಟಿತ್ತು.

ಮೇಷ್ಟ್ರು ಕಾಗದ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬಾಮ್ಮ ಇಲ್ಲಿ. ಇದನ್ನ ಓದು. ನಿನ್ನ ವಿಷಯಾನೇ ಬರ್ದವ್ರೆ."

ಖರ್ಚುಗಳ ಸಮರ್ಥನೆ ಸಾಲದು ಎಂದು ಸಮಿತಿ ಹೇಳಿತ್ತು. ಪ್ರತಿಯೊಂದು ಖರ್ಚೂ ಯೋಜನೆಯ ಯಾವ ಕೆಲಸಕ್ಕೆ ಬೇಕೆಂದು ತೋರಿಸಿ ಮೂರು ವಾರದೊಳಗೆ ಮರಳಿ ಕಳಿಸಬೇಕು, ಒಟ್ಟು ಮೊತ್ತ ಮೊದಲು ಕೇಳಿದ್ದನ್ನು ಮೀರಬಾರದು. ಕೆಳಗೆ ಇನ್ನೊಂದು ವಾಕ್ಯ: ಮಾದರಿಗಳನ್ನು ಅಧ್ಯಾಪಕರೇ ಸಂಗ್ರಹಿಸಬಹುದಾದ್ದರಿಂದ ಸಹಾಯಕರ ಹುದ್ದೆಯ ಅಗತ್ಯ ಸ್ಪಷ್ಟವಾಗುವುದಿಲ್ಲ.

ನನ್ನ ಕೈ ಇನ್ನೂ ಒದ್ದೆಯಾಗಿತ್ತು. ಕಾಗದದ ಅಂಚು ನೆನೆಯಿತು.

ತಪ್ಪು ನಮ್ಮದೇ. ಮೊದಲ ಅರ್ಜಿಯಲ್ಲಿ ಸಿಬ್ಬಂದಿ, ಉಪಕರಣ, ರಾಸಾಯನಿಕ, ಪ್ರಯಾಣ, ಇತರೆ ಎಂದು ತಲೆಬರಹ ಕೊಟ್ಟು, ಒಂದೊಂದರ ಕೆಳಗೂ "ಯೋಜನೆಯ ಕೆಲಸಕ್ಕೆ ಅವಶ್ಯಕ" ಎಂದು ಬರೆದಿದ್ದೆವು. ಟೈಪು ಮಾಡಿದವಳು ನಾನೇ. ಐದು ಸಲ ಅದೇ ಮಾತು ಹೊಡೆಯುವಾಗ, ಇದು ಏನನ್ನೂ ಹೇಳುತ್ತಿಲ್ಲವಲ್ಲ ಎಂದು ನನಗೂ ಅನ್ನಿಸಿರಲಿಲ್ಲ.

ಅವತ್ತಿನಿಂದ ಕಾಲೇಜು ಬಿಟ್ಟ ಮೇಲೆ ಇಬ್ಬರೂ ಆ ಮೇಜಿಗೆ ಕೂರುತ್ತಿದ್ದೆವು. ಮೇಷ್ಟ್ರ ಮನೆಯಾಕೆ ಫ್ಲಾಸ್ಕಿನಲ್ಲಿ ಕಾಫಿ ಕಳಿಸುತ್ತಿದ್ದರು. ಮೊದಲು ಕೆಲಸಗಳನ್ನೇ ಸಾಲಾಗಿ ಬರೆದು ಸಂಖ್ಯೆ ಕೊಟ್ಟೆವು. ಒಂದು, ಅಟ್ಟಗಳಿಗೆ ಗುರುತು ಹಾಕಿದ ಕಾಯಿ ಏರಿಸುವುದು. ಎರಡು, ತಿಂಗಳಿಗೊಮ್ಮೆ ಪ್ರತಿ ಅಟ್ಟದಿಂದ ಐದು ಕಾಯಿ ಇಳಿಸಿ ಒಡೆದು ನೋಡುವುದು. ಮೂರು, ಕೊಬ್ಬರಿಯ ತೇವ ಅಳೆಯುವುದು. ನಾಲ್ಕು, ಬೂಷ್ಟನ್ನು ಬಟ್ಟಲಲ್ಲಿ ಬೆಳೆಸಿ ಗುರುತಿಸುವುದು. ಐದು, ಎರಡನೇ ವರ್ಷ ಕೂತು ಲೆಕ್ಕ ಹಾಕಿ ವರದಿ ಬರೆಯುವುದು. ನೊಣವಿನಕೆರೆ, ಮಾಯಸಂದ್ರ, ಸಂಪಿಗೆ, ಹೀಗೆ ಮೂರು ಊರು. ಊರಿಗೊಂದು ಅಡಿಗೆಮನೆ ಅಟ್ಟ, ಒಂದು ಕೊಟ್ಟಿಗೆ ಅಟ್ಟ.

ಆಮೇಲೆ ಒಂದೊಂದು ಖರ್ಚನ್ನೂ ತಂದು ಕೆಲಸದ ಮುಂದೆ ನಿಲ್ಲಿಸಿದೆವು. ರಾಸಾಯನಿಕಗಳು ನಾಲ್ಕನೆಯದಕ್ಕೆ ಹೋದವು. ಬಸ್ ಚಾರ್ಜು ಒಂದು ಮತ್ತು ಎರಡಕ್ಕೆ. ಒಲೆ, ಅಂದರೆ ಮಾದರಿ ಒಣಗಿಸುವ ವಿದ್ಯುತ್ ಒಲೆ, ಮೂರಕ್ಕೆ. ತೂಕ ಇಳಿಯುವುದು ನಿಲ್ಲುವವರೆಗೂ ಮಾದರಿ ಅದರೊಳಗೇ ಇರಬೇಕು, ರಸಾಯನಶಾಸ್ತ್ರದವರ ಒಲೆಯನ್ನು ಅಷ್ಟು ಹೊತ್ತು ಕೇಳಲಾಗದು ಎಂದು ಕಾರಣ ಬರೆದೆವು. ಪುಸ್ತಕಗಳಿಗೆಂದು ಇಟ್ಟಿದ್ದ ಹಣ ಯಾವ ಕೆಲಸದ ಮುಂದೂ ನಿಲ್ಲಲಿಲ್ಲ. ಮೇಷ್ಟ್ರು ಅದನ್ನು ಹೊಡೆದುಹಾಕಿದರು, ಮುಖ ಸಪ್ಪಗಾಯಿತು.

ಆಗ ನನ್ನ ಕಣ್ಣು ಎರಡನೇ ಕೆಲಸದ ಮೇಲೆ ನಿಂತಿತು.

"ಸಾರ್, ತಿಂಗಳಿಗೆ ಮೂವತ್ತು ಕಾಯಿ ಒಡೀತೀವಿ. ಕಾಯಿಗೆ ದುಡ್ಡೆಲ್ಲಿ ಹಾಕಿದ್ದೀವಿ?"

ಅವರು ಹಾಳೆ ತಿರುಗಿಸಿ ನೋಡಿದರು. ಎಲ್ಲೂ ಇರಲಿಲ್ಲ.

"ಈ ಸೀಮೇಲಿ ಕಾಯಿಗೆ ಯಾರಮ್ಮ ದುಡ್ಡು ಕೇಳ್ತಾರೆ?" ಎಂದು ನಗುತ್ತಲೇ ಕೇಳಿದ ಮೇಷ್ಟ್ರು ಆ ಮಾತು ಮುಗಿಯುವಷ್ಟರಲ್ಲಿ ಗಂಭೀರವಾದರು. ಪೂಜೆಗೊಂದು, ಸಾರಿಗೊಂದು ಕಾಯಿ ಯಾರ ಮನೆಯಲ್ಲಾದರೂ ಕೊಡುತ್ತಾರೆ. ಆದರೆ ಅಟ್ಟದ ಕಾಯಿಯನ್ನು ಆರು ತಿಂಗಳಿಗೆ ಇಳಿಸಿ ಒಡೆದರೆ ಅದು ಅತ್ತ ಹಸಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಮನೆಯವರಿಗೆ ಉಂಡೆ ಕೊಬ್ಬರಿಯ ಬೆಲೆಯೇ ನಷ್ಟ. ತೆಂಗಿನ ನಡುವೆ ಹುಟ್ಟಿ ಬೆಳೆದ ನಾವಿಬ್ಬರೂ ತೆಂಗಿನಕಾಯಿಯ ಬೆಲೆಯನ್ನೇ ಮರೆತಿದ್ದೆವು.

ಸೇರಿಸಿದೆವು. ಆರು ಅಟ್ಟ, ಅಟ್ಟಕ್ಕೆ ಐದು, ಹನ್ನೆರಡು ತಿಂಗಳು: ಮುನ್ನೂರ ಅರವತ್ತು ಕಾಯಿ, ಉಂಡೆ ಕೊಬ್ಬರಿಯ ದರದಲ್ಲಿ. ಒಟ್ಟು ಕೂಡಿದಾಗ ಸಮಿತಿ ಹಾಕಿದ್ದ ಮಿತಿ ದಾಟಿತು. ಏನಾದರೂ ಇಳಿಯಲೇಬೇಕು. ಮೇಷ್ಟ್ರು ಪೆನ್ಸಿಲಿನ ತುದಿಯನ್ನು ಒಂದೊಂದು ಸಾಲಿನ ಮೇಲೂ ಇಟ್ಟು ಇಟ್ಟು ತೆಗೆದರು. ಸಿಬ್ಬಂದಿಯ ಸಾಲಿಗೆ ಬಂದಾಗ ಮಾತ್ರ ಪೆನ್ಸಿಲು ಅದನ್ನು ದಾಟಿ ಮುಂದಕ್ಕೆ ಹೋಯಿತು. ಸಹಾಯಕರಿಗೆ ಎರಡು ವರ್ಷದ ಸಂಬಳ ಬರೆದಿದ್ದೆವು. ಎರಡನೇ ವರ್ಷದ ಐದನೇ ಕೆಲಸದಲ್ಲಿ ನನಗೆ ಮಾಡಲು ಏನೂ ಇರಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಅವರೆಕಾಳು ಹಿಸುಕುತ್ತಿದ್ದಳು.

"ಎರಡು ವರ್ಷ ಅಂತಲೇ ಬರ್ಸ್ಕೋ. ದಿಲ್ಲೀಲಿ ಕೂತೋರು ಇಲ್ಲಿಗ್ ಬಂದು ನೋಡ್ತಾರಾ?"

"ನೋಡೋಕೇನೂ ಬರಬೇಕಾಗಿಲ್ಲ ಕಣಮ್ಮ. ಹಾಳೇಲೇ ಕಾಣುತ್ತೆ. ಕೆಲಸ ಇಲ್ಲದ ವರ್ಷಕ್ಕೆ ಸಂಬಳ ಹಾಕಿದ್ರೆ ಕೆಲಸ ಇರೋ ವರ್ಷದ್ದನ್ನೂ ಕಿತ್ತಾಕ್ತಾರೆ."

"ಹಂಗಾರೆ ಒಂದೇ ವರ್ಷವಾ? ಆಮೇಲೆ?"

ಅಮ್ಮ ಹಿಸುಕಿದ ಕಾಳು ಅವತ್ತು ಸಿಪ್ಪೆಯ ತಟ್ಟೆಗೆ ಬಿದ್ದದ್ದೇ ಹೆಚ್ಚು.

ಮಾರನೇ ದಿನ ನಾನೇ ಕೇಳಿದೆ. "ಎರಡನೇ ವರ್ಷದ್ದು ತೆಗೆದರೆ ಕಾಯಿ ದುಡ್ಡು ಮಿತಿಯೊಳಗೆ ಬರುತ್ತಾ ಸಾರ್?"

ಮೇಷ್ಟ್ರು ಪೆನ್ಸಿಲು ತೆಗೆದುಕೊಂಡರು. ಕೂಡಿ ನೋಡಿ, ಬರುತ್ತದೆ ಎನ್ನುವ ಹಾಗೆ ತಲೆಯಾಡಿಸಿದರು.

ಉಳಿದದ್ದು ಮೊದಲ ವರ್ಷ. ಅದಕ್ಕೆ ಕಾರಣ ಬರೆಯುವುದೇ ಕಷ್ಟದ್ದು. ಸಮಿತಿ ಕೇಳಿದ್ದು ನೇರವಾದ ಪ್ರಶ್ನೆ: ಮಾದರಿಯನ್ನು ನೀವೇ ಯಾಕೆ ತರಬಾರದು? ಮೇಷ್ಟ್ರು ಎರಡು ಮೂರು ಥರ ಬರೆದರು. ಪಾಠದ ಹೊರೆ ಎಂದರು. ಹೊಡೆದುಹಾಕಿದರು, ಪಾಠ ಎಲ್ಲ ಅಧ್ಯಾಪಕರಿಗೂ ಇರುತ್ತದೆ. ದೂರದ ಊರು ಎಂದರು. ಅದೂ ನಿಲ್ಲಲಿಲ್ಲ. ನಿಜವಾದ ಕಾರಣ ನಮ್ಮಿಬ್ಬರಿಗೂ ಗೊತ್ತಿತ್ತು. ಅರ್ಜಿಗೆ ಮುಂಚೆ ಅಟ್ಟ ಕೇಳಲು ನೊಣವಿನಕೆರೆಯ ಒಂದು ಮನೆಗೆ ಹೋಗಿದ್ದಾಗ ಆ ಮನೆಯ ಅಜ್ಜಿ ಬಾಗಿಲಲ್ಲೇ ತೀರ್ಮಾನ ಮಾಡಿದ್ದರು.

"ಮೇಷ್ಟ್ರು ಜಗಲಿ ಮ್ಯಾಲೆ ಕೂತ್ಕಳ್ಳಿ, ಮಜ್ಜಿಗೆ ಕುಡೀಲಿ. ನೀನು ಬಾ ಮಗ ಒಳೀಕೆ."

ಏಣಿ ಅಡಿಗೆಮನೆಯ ಒಳಗಿತ್ತು. ಬೇರೆ ಎರಡು ಊರಿನಲ್ಲೂ ಅದೇ. ನಮ್ಮ ಸೀಮೆಯ ಮನೆಗಳಲ್ಲಿ ಹೊರಗಿನ ಗಂಡಸು ಅಡಿಗೆಮನೆ ದಾಟಿ ಅಟ್ಟ ಹತ್ತುವುದಿರಲಿ, ಹತ್ತಲೇ ಎಂದು ಕೇಳುವುದೂ ಇಲ್ಲ. ಮೇಷ್ಟ್ರು ತಮ್ಮ ಸಂಶೋಧನೆಯ ಅರ್ಧ ಭಾಗವನ್ನು ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತ ಮಾಡಬೇಕಿತ್ತು.

"ಅದನ್ನ ಹೆಂಗಮ್ಮ ಇಂಗ್ಲಿಷಲ್ಲಿ ಬರೆಯೋದು? ನಗ್ತಾರೆ."

"ನಗ್ಲಿ ಸಾರ್. ಸುಳ್ಳಲ್ಲವಲ್ಲ."

"ಸ್ಥಳೀಯ ಸಂಪ್ರದಾಯದ ನಿಮಿತ್ತ ಅಂತ ಹಾಕ್ಲಾ?"

"ಸಂಪ್ರದಾಯ ಅಂದ್ರೆ ಅವರಿಗೆ ಏನೂ ಕಾಣಲ್ಲ ಸಾರ್. ಏಣಿ ಎಲ್ಲೈತೆ ಅನ್ನೋದನ್ನೇ ಬರೀರಿ."

ಅವರು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ನಾನು ಟೈಪು ಮಾಡಿದೆ. ಆರರಲ್ಲಿ ಮೂರು ಅಟ್ಟಗಳ ಏಣಿ ಅಡಿಗೆಮನೆಯ ಒಳಗಿದೆ. ಆ ಮನೆಗಳವರು ಹೆಂಗಸರನ್ನು ಮಾತ್ರ ಅಲ್ಲಿಗೆ ಬಿಡುತ್ತಾರೆ. ಆದ್ದರಿಂದ ಒಂದು ಮತ್ತು ಎರಡನೇ ಕೆಲಸದ ಅರ್ಧ ಭಾಗ ಅಧ್ಯಾಪಕರಿಂದ ಆಗದು. ಹೊಗೆ ತಾಗಿದ ಕಾಯಿಗಳು ಇರುವುದು ಅಲ್ಲೇ, ಅವಿಲ್ಲದೆ ಹೋಲಿಕೆಯೇ ಇಲ್ಲ. ಮಹಿಳಾ ಸಹಾಯಕಿಯ ಹುದ್ದೆ ಕಾಯಿ ಏರಿಸುವ ತಿಂಗಳಿಂದ ಕಡೆಯ ಕಾಯಿ ಇಳಿಸುವ ತಿಂಗಳವರೆಗೆ ಮಾತ್ರ. ಉಳಿದ ದಿನಗಳಲ್ಲಿ ಮೂರು ಮತ್ತು ನಾಲ್ಕನೆಯ ಕೆಲಸ.

"ಮಾತ್ರ" ಎಂಬುದನ್ನು ಹೊಡೆಯುವಾಗ ಒಂದು ಅಕ್ಷರ ತಪ್ಪಿತು. ಇಡೀ ಹಾಳೆ ತೆಗೆದು ಮತ್ತೆ ಹಾಕಿದೆ.

ಗಡುವಿಗೆ ಇನ್ನೂ ದಿನಗಳಿದ್ದಾಗಲೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆವು. ಮಾರ್ಚಿಗೆ ಕಾಲೇಜಿನ ಕೆಲಸ ಮುಗಿಯಿತು. ಏಪ್ರಿಲು, ಮೇ ತಿಂಗಳು ಅಂಚೆಯವನು ಬೀದಿಗೆ ತಿರುಗುವ ಹೊತ್ತಿಗೆ ಅಮ್ಮ ಏನಾದರೂ ನೆಪ ಮಾಡಿಕೊಂಡು ಬಾಗಿಲಿಗೆ ಬರುತ್ತಿದ್ದಳು. ಬಾಡಿಗೆ ಎರಡು ತಿಂಗಳು ನಿಂತಿತು. ಮನೆ ಮಾಲೀಕರು ಬಾಡಿಗೆಯ ಮಾತು ಬಿಟ್ಟು ಕ್ಷೇಮ ವಿಚಾರಿಸಿ ಹೋಗುತ್ತಿದ್ದರು. ಅದೇ ಹೆಚ್ಚು ಚುಚ್ಚುತ್ತಿತ್ತು. ನನಗೆ ನಿದ್ದೆಯಲ್ಲೂ ಆ ಏಣಿಯ ವಾಕ್ಯವೇ. ನಕ್ಕಿರಬಹುದು, ಹಾಳೆ ಬದಿಗಿಟ್ಟಿರಬಹುದು. ಪಾಠದ ಹೊರೆ ಎಂದೇ ಬರೆದಿದ್ದರೆ ಗೌರವವಾಗಿಯಾದರೂ ಇರುತ್ತಿತ್ತು ಎನ್ನಿಸುತ್ತಿತ್ತು.

ಜೂನಿನಲ್ಲಿ ಮೇಷ್ಟ್ರು ಸೈಕಲ್ಲಿನಲ್ಲಿ ಮನೆಗೇ ಬಂದರು. ಇಳಿಯದೆ ಒಂದು ಕಾಲು ಕಟ್ಟೆಗೆ ಕೊಟ್ಟು ನಿಂತು, "ಒಲೆ ಕೊಡ್ಲಿಲ್ಲ ಕಣಮ್ಮ," ಎಂದರು.

ಜೇಬಿನಿಂದ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು.

"ಕಾಲೇಜಿನ ಒಲೇನೇ ಹಂಚ್ಕೊಳ್ಳಿ ಅಂದವ್ರೆ. ಕಾಯಿ ಕೊಟ್ಟವ್ರೆ. ಏಣಿ ಹತ್ತೋರ್ನೂ ಕೊಟ್ಟವ್ರೆ."

ಅಮ್ಮ ಒಳಗಿಂದ, "ಎಷ್ಟು ದಿನಕ್ಕೆ ಸ್ವಾಮಿ?" ಎಂದು ಕೇಳಿದಳು.

"ಬರ್ದಷ್ಟಕ್ಕೆ ಕಣವ್ವ. ಒಂದು ವರ್ಷ."

ಬರೆದಷ್ಟೇ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ.

ಮೊದಲು ಕಾಯಿ ಏರಿಸಿದ್ದು ನೊಣವಿನಕೆರೆಯಲ್ಲಿ. ಯಾವ ಕಾಯಿಯನ್ನು ಯಾವ ತಿಂಗಳು ಇಳಿಸಬೇಕೆಂದು ಮೊದಲೇ ಚೀಟಿ ಎತ್ತಿ, ಸಿಪ್ಪೆಯ ಮೇಲೆ ಕೆಂಪು ಬಣ್ಣದಲ್ಲಿ ತಿಂಗಳ ಸಂಖ್ಯೆ ಬರೆದಿದ್ದೆವು. ಎಲ್ಲ ಬೆರೆಸಿ ಇಡಬೇಕು, ಆರಿಸಿ ಇಡಬಾರದು. ಮೇಷ್ಟ್ರು ಜಗಲಿಯ ಮೇಲೆ ಮಜ್ಜಿಗೆ ಲೋಟ ಹಿಡಿದು ಕೂತರು. ಅಜ್ಜಿ ಕೆಳಗೆ ಏಣಿ ಹಿಡಿದು ನಿಂತು ಒಂದೊಂದೇ ಕಾಯಿ ಕೊಡುತ್ತಿದ್ದರು, ನಾನು ಮೇಲೆ ಬಗ್ಗಿ ಇಡುತ್ತಿದ್ದೆ. ಹಲಗೆಗಳೆಲ್ಲ ಹೊಗೆ ಹಿಡಿದು ಕಪ್ಪಾಗಿದ್ದವು, ಕಣ್ಣಲ್ಲಿ ನೀರು ಬರುತ್ತಿತ್ತು. ಕೊನೆಗೆ ಉಳಿದದ್ದು ಹನ್ನೆರಡು ಎಂದು ಬರೆದ ಒಂದು ಕಾಯಿ, ನನ್ನ ಕೆಲಸ ಮುಗಿಯುವ ತಿಂಗಳಿನದು. ಅದಕ್ಕೆ ಸಿಕ್ಕ ಜಾಗ ಏಣಿಯ ತಲೆಯಲ್ಲೇ. ಪ್ರತಿ ತಿಂಗಳೂ ಹತ್ತಿದಾಗ ಮೊದಲು ಕಣ್ಣಿಗೆ ಬೀಳುವುದು ಅದೇ. ಒಳಕ್ಕೆ ನೂಕಲು ಕೈ ಹೋಯಿತು. ನೂಕಲಿಲ್ಲ.

"ಅದ್ಯಾಕ್ ಮಗ ಹಂಗ್ ನೋಡ್ತಾ ಕೂತೆ?" ಎಂದರು ಅಜ್ಜಿ ಕೆಳಗಿನಿಂದ. "ಬಿರುಕ್ ಗಿರುಕ್ ಏನೂ ಬಿಟ್ಟಿಲ್ಲ ಬುಡು. ಅದು ವರ್ಷ ತಡೀತದೆ."